ಮೂರು ತಿಂಗಳಲ್ಲಿ ದುಡ್ಡು ತರುವ ಒಂದು ಕೌಶಲವನ್ನು ಆರಿಸುವುದು ಹೇಗೆ? ಬನಹಟ್ಟಿಯ ಪೇಟೆ ಇಟ್ಟುಕೊಂಡು ಒಂದು ಪೂರ್ತಿ ಲೆಕ್ಕ

ಪದವಿ ಮುಗಿಸಿ ಕೆಲಸವಿಲ್ಲದೆ ಕುಳಿತವರು “ಯಾವ ಕೋರ್ಸ್ ಮಾಡಲಿ?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಬೇಗ ಉತ್ತರ ಸಿಗುವುದು ಕೋರ್ಸ್ ಮಾರುವವರಿಂದ. ಅದಕ್ಕೇ ಬೆಳಗಾವಿಯ ಕಾಲೇಜು ರಸ್ತೆಯಿರಲಿ, ವಿಜಯಪುರದ ಬಸ್ ನಿಲ್ದಾಣದ ಸುತ್ತಮುತ್ತಲಿರಲಿ, ಎಲ್ಲಿ ನೋಡಿದರೂ ಅವೇ ನಾಲ್ಕು ಹೆಸರಿನ ಬೋರ್ಡು. ಮೂರು ತಿಂಗಳಲ್ಲಿ ದುಡ್ಡು ನೋಡಬೇಕಾದವರು ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿಯಬೇಕು: ನನ್ನ ಮನೆಯಿಂದ ಬೈಕಿನಲ್ಲಿ ಅರ್ಧ ತಾಸಿನ ಒಳಗೆ, ಯಾವ ಕೆಲಸಕ್ಕೆ ಜನ ಈಗಾಗಲೇ ದುಡ್ಡು ಕೊಡುತ್ತಿದ್ದಾರೆ? ಆ ಕೆಲಸ ಇಂಥ ತಾರೀಖಿಗೆ ಮುಗಿಯಲೇಬೇಕು ಎಂಬ ಒತ್ತಡ ಅವರಿಗಿದೆಯೇ?

ಇದರಲ್ಲಿ ತಾರೀಖಿನ ಮಾತು ಮುಖ್ಯ. ಅಂಗಡಿಗೆ ಚೆಂದದ ಲೋಗೋ ಬೇಕು ಎನ್ನುವವರು ಮುಂದಿನ ದೀಪಾವಳಿವರೆಗೂ ಸುಮ್ಮನಿರಬಲ್ಲರು. ತಿಂಗಳ 11ಕ್ಕೆ ಜಿಎಸ್‌ಟಿ ರಿಟರ್ನ್ ಹೋಗಬೇಕಾದವರು ಸುಮ್ಮನಿರಲಾರರು. ಹೊಸಬರ ಕೈಗೆ ಕೆಲಸ ಬರುವುದು ಇಂಥ ಒತ್ತಡ ಇರುವಲ್ಲಿಯೇ. ಹಳಬರಿಗೆ ಸಮಯ ಸಾಲದೆ ಅವರೇ ಇನ್ನೊಂದು ಕೈ ಹುಡುಕುತ್ತಿರುತ್ತಾರೆ.

ಮೊದಲ ವಾರ ಪೇಟೆಯಲ್ಲಿ

ಯಾವ ಇನ್‌ಸ್ಟಿಟ್ಯೂಟಿಗೂ ಹೋಗುವ ಮೊದಲು ಒಂದು ವಾರ ಪೇಟೆ ಸುತ್ತಿ. ಕಿಸೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇದ್ದರೆ ಸಾಕು. ದಿನಕ್ಕೆ ಐದಾರು ಅಂಗಡಿಯಂತೆ ವಾರಕ್ಕೆ ಮೂವತ್ತು ಆಗುತ್ತವೆ. ಸಂತೆಯ ದಿನ ಬಿಟ್ಟುಬಿಡಿ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಹೋದರೆ ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ.

“ನನಗ ಕೆಲಸಾ ಐತೇನ್ರಿ?” ಎಂದು ಕೇಳಿದರೆ “ಇಲ್ಲಪಾ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೆಲಸ ಬೇಡದೆ ಅವರ ತೊಂದರೆ ಕೇಳಬೇಕು. “ಅಣ್ಣಾರ, ನಾ ಡಿಗ್ರಿ ಮುಗಿಸೀನ್ರಿ, ಏನರ ಒಂದ ಕಲಿಯೂಣಂತ ಮಾಡೀನಿ. ನಿಮ್ಮ ಅಂಗಡಿಯೊಳಗ ಹೊರಗಿನವರ ಕಡೆಯಿಂದ ಏನೇನ ಕೆಲಸಾ ಮಾಡಸ್ತೀರಿ? ಯಾವುದು ಟೈಮಿಗೆ ಆಗವಲ್ದು?” ಎಂದು ಶುರು ಮಾಡಿ. ಪ್ರತಿ ಅಂಗಡಿಗೂ ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆಯಿರಿ: ಆ ಕೆಲಸ ಏನು, ಈಗ ಯಾರು ಮಾಡುತ್ತಾರೆ, ವರ್ಷಕ್ಕೆ ಎಷ್ಟು ಸಲ ಬರುತ್ತದೆ, ಪ್ರತಿ ಸಲ ಎಷ್ಟು ಕೊಡುತ್ತಾರೆ. ದುಡ್ಡಿನ ಅಂಕಿ ಹೇಳಲು ಕೆಲವರು ಹಿಂಜರಿಯುತ್ತಾರೆ. ಒತ್ತಾಯ ಮಾಡಬೇಡಿ. ಮೂವತ್ತರಲ್ಲಿ ಹತ್ತು ಜನ ಹೇಳಿದರೂ ಊರಿನ ದರ ಗೊತ್ತಾಗುತ್ತದೆ.

ಯಾವ ಪೇಟೆಗೆ ಹೋಗುತ್ತೀರಿ ಎಂಬುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್‌ಗಳು ಒತ್ತೊತ್ತಾಗಿವೆ. ಅಲ್ಲಿ ಕೇಳಿದರೆ ಕಂಪ್ಯೂಟರಿನಿಂದ ಓಡುವ ಸಿಎನ್‌ಸಿ ಮಷಿನ್ ನಡೆಸುವವರ, ತಯಾರಾದ ಭಾಗ ಅಳೆದು ನೋಡುವವರ ಕೊರತೆಯ ಮಾತು ಬರುತ್ತದೆ. ವಿಜಯಪುರ, ತಿಕೋಟಾ ಕಡೆ ದ್ರಾಕ್ಷಿ ತೋಟದವರನ್ನು ಕೇಳಿದರೆ ಡ್ರಿಪ್ ಪೈಪು, ಫಿಲ್ಟರ್, ಪಂಪಿನ ಸ್ಟಾರ್ಟರ್ ಮಾತು ಬರುತ್ತದೆ. ಆದರೆ ಆ ಕೆಲಸ ಬಳ್ಳಿ ಕತ್ತರಿಸುವ ಚಾಟಣಿಯ ಹಂಗಾಮು ಹಿಡಿದು ಬರುವಂಥದ್ದು. ನಡುವಿನ ತಿಂಗಳಲ್ಲಿ ಕಲಿತು ಮುಗಿಸಿದರೆ ಗಿರಾಕಿಗಾಗಿ ಕಾಯುತ್ತ ಕೂಡಬೇಕಾಗುತ್ತದೆ. ಗೆಳೆಯ ಇನ್ನೊಂದು ಊರಲ್ಲಿ ಗಳಿಸಿದ ಕೌಶಲವನ್ನು ಹಾಗೇ ಎತ್ತಿಕೊಳ್ಳಬಾರದು ಎನ್ನುವುದು ಇದಕ್ಕೇ.

ಜರಡಿ ಹಿಡಿಯುವುದು

ವಾರದ ಕೊನೆಗೆ ನೋಟ್‌ಬುಕ್ಕಿನಲ್ಲಿ ಹತ್ತು ಹನ್ನೆರಡು ಬಗೆಯ ಕೆಲಸ ಇರುತ್ತವೆ. ಅವನ್ನು ಮೂರು ಪ್ರಶ್ನೆಯಿಂದ ಜರಡಿ ಹಿಡಿಯಬಹುದು.

ಆ ಕೆಲಸ ಅದೇ ಗಿರಾಕಿಯಿಂದ ಮತ್ತೆ ಮತ್ತೆ ಬರುತ್ತದೆಯೇ ಎಂಬುದು ಮೊದಲನೆಯದು. ಒಮ್ಮೆ ಮಾಡಿಸಿ ಮರೆಯುವ ಕೆಲಸವಾದರೆ ನಿಮ್ಮ ಅರ್ಧ ದಿನ ಹೊಸ ಗಿರಾಕಿ ಹುಡುಕುವುದರಲ್ಲಿಯೇ ಹೋಗುತ್ತದೆ. ಹೊಸಬರಿಗೆ ಇದನ್ನು ತಡೆದುಕೊಳ್ಳುವುದು ಕಷ್ಟ.

ನಿಮ್ಮ ತಪ್ಪು ಗಿರಾಕಿಗೆ ಹಾನಿ ಮಾಡುವ ಮೊದಲು ಅದನ್ನು ನೋಡಿ ತಿದ್ದುವವರು ಇದ್ದಾರೆಯೇ ಎಂಬುದು ಎರಡನೆಯದು. ಮೂರು ತಿಂಗಳು ಕಲಿತವರು ತಪ್ಪು ಮಾಡಿಯೇ ಮಾಡುತ್ತಾರೆ. ಮನೆಯ ವೈರಿಂಗಿನಲ್ಲಿ ತಪ್ಪು ಗೊತ್ತಾಗುವುದು ಶಾರ್ಟ್ ಆದಾಗ. ಲೆಕ್ಕದ ತಪ್ಪು ಹಿರಿಯರ ಕಣ್ಣಿಗೆ ಬಿದ್ದರೆ ಕಾಗದದ ಮೇಲೆಯೇ ಮುಗಿಯುತ್ತದೆ. ತಿದ್ದುವ ಹಿರಿಯರಿಲ್ಲದ ಕೌಶಲಕ್ಕೆ ಮೂರು ತಿಂಗಳು ಸಾಲದು.

ಮೂರನೆಯದು ಅಭ್ಯಾಸಕ್ಕೆ ಬೇಕಾದ ಸಾಮಾನು ನಿಮ್ಮ ಕೈಗೆ ದಿನಾ ಸಿಗುತ್ತದೆಯೇ ಎಂಬುದು. ಸಿಎನ್‌ಸಿ ಮನೆಯಲ್ಲಿ ಕೂತು ಬರುವಂಥದ್ದಲ್ಲ, ಮಷಿನ್ ಬೇಕು. ಬೆಳಗಾವಿಯಲ್ಲಿದ್ದರೆ ಉದ್ಯಮಬಾಗದ ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಕೇಂದ್ರದಂಥ ಕಡೆ ಮಷಿನ್ ಮೇಲೆಯೇ ಕಲಿಸುತ್ತಾರೆ. ಬಿ.ಎಸ್‌ಸಿ. ಆದವರಿಗೂ ಡಿಪ್ಲೊಮಾದವರಿಗೂ ಅದು ಒಳ್ಳೆಯ ದಾರಿ. ಬನಹಟ್ಟಿಯಲ್ಲಿ ಕೂತವರಿಗೆ ಅದು ಆಗದ ಮಾತು.

ಈಗ ಒಂದು ಉದಾಹರಣೆ. ರಬಕವಿ-ಬನಹಟ್ಟಿಯಲ್ಲಿ ಬಿ.ಕಾಂ. ಮುಗಿಸಿದ ಒಬ್ಬ ಹುಡುಗಿಯ ನೋಟ್‌ಬುಕ್ಕು ಹೀಗೆ ತುಂಬಿತು ಎಂದು ಇಟ್ಟುಕೊಳ್ಳಿ. ಮೂವತ್ತು ಅಂಗಡಿಗಳಲ್ಲಿ ಆರು ಕಡೆ ಕಳೆದ ಮೂರು ತಿಂಗಳಲ್ಲಿ ಫ್ಲೆಕ್ಸ್ ಇಲ್ಲವೇ ಕಾರ್ಡಿನ ಡಿಸೈನ್ ಮಾಡಿಸಿದ್ದಾರೆ, ಅದೂ ಪ್ರಿಂಟಿಂಗ್ ದುಡ್ಡಿನಲ್ಲಿಯೇ ಸೇರಿಸಿ. ಡಿಸೈನಿಗೆ ಬೇರೆ ದುಡ್ಡು ಕೊಟ್ಟವರು ಯಾರೂ ಇಲ್ಲ. ಮೊಬೈಲ್ ರಿಪೇರಿಗೆ ಗಿರಾಕಿಗಳು ಇದ್ದಾರೆ, ಆದರೆ ಅದೇ ಬೀದಿಯಲ್ಲಿ ನಾಲ್ಕು ಅಂಗಡಿ ಇವೆ, ಬಿಡಿಭಾಗ ತಂದಿಡಲು ಬಂಡವಾಳ ಬೇಕು. ಹತ್ತೊಂಬತ್ತು ಅಂಗಡಿಯವರು ಲೆಕ್ಕಕ್ಕೆ ಪ್ರತಿ ತಿಂಗಳೋ ಮೂರು ತಿಂಗಳಿಗೊಮ್ಮೆಯೋ ದುಡ್ಡು ಕೊಡುತ್ತಿದ್ದಾರೆ. ಅವರಲ್ಲಿ ನಾಲ್ಕೈದು ಜನ ಸುತ್ತಿ ಬಳಸಿ ಒಂದೇ ಮಾತು ಆಡಿದ್ದಾರೆ: “ರಿಟರ್ನ್ ತುಂಬಾವ್ರು ಆಡಿಟರ್ ಆಫೀಸಿನವ್ರು ಅದಾರ್ರಿ. ಆದ್ರ ಬಿಲ್ಲೆಲ್ಲಾ ಹೊಂದಿಸಿ ಕೊಡಾಕ ಮಂದಿ ಸಿಗವಲ್ರು.”

ಜರಡಿಯಲ್ಲಿ ಉಳಿದದ್ದು ಆ ಕೊನೆಯ ಮಾತು. ಆಕೆ ಕಲಿಯಬೇಕಾದ್ದನ್ನು ‘ಟ್ಯಾಲಿ’ ಎಂದು ಬರೆದುಕೊಂಡರೆ ದಾರಿ ತಪ್ಪುತ್ತದೆ. ಟ್ಯಾಲಿ ಸರ್ಟಿಫಿಕೇಟ್ ಇದ್ದವರು ಪ್ರತಿ ತಾಲೂಕಿನಲ್ಲೂ ಬೇಕಾದಷ್ಟಿದ್ದಾರೆ, ಅವರಲ್ಲಿ ಎಷ್ಟೋ ಜನ ಇನ್ನೂ ಮನೆಯಲ್ಲಿದ್ದಾರೆ. ಗಿರಾಕಿ ದುಡ್ಡು ಕೊಡುವುದು ಇಷ್ಟಕ್ಕೆ: ಅಂಗಡಿಯ ಒಂದು ತಿಂಗಳ ಬಿಲ್ಲನ್ನೆಲ್ಲ ಹೊಂದಿಸಿ, ಜಿಎಸ್‌ಟಿ ಲೆಕ್ಕ ತಾಳೆ ಹಾಕಿ, ತಾರೀಖಿಗೆ ಮುಂಚೆ ಆಡಿಟರ್ ಮೇಜಿನ ಮೇಲೆ ಇಡುವುದು. ಕಲಿಕೆಯ ಗುರಿಯನ್ನು ಇಷ್ಟು ಖಚಿತವಾಗಿ ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ಆಯ್ಕೆ ಇನ್ನೂ ಮುಗಿದಿಲ್ಲ ಎಂದೇ ಅರ್ಥ.

ಫೀ ಕಟ್ಟುವ ಮುಂಚಿನ ಎರಡು ವಾರ

ಆರಿಸಿದ ಕೂಡಲೇ ಫೀ ಕಟ್ಟಬೇಡಿ. ಮನೆಯವರಿಗೋ ಸಂಬಂಧಿಕರಿಗೋ ಒಂದು ಅಂಗಡಿ ಇದ್ದೇ ಇರುತ್ತದೆ. ಅವರ ಹಳೆಯ ಒಂದು ತಿಂಗಳ ಬಿಲ್ಲಿನ ಕಟ್ಟನ್ನು ಕೇಳಿ ತನ್ನಿ. ರಿಟರ್ನ್ ಈಗಾಗಲೇ ತುಂಬಿ ಮುಗಿದ ತಿಂಗಳೇ ಆಗಿರಲಿ. ಆಗ ನಿಮ್ಮ ಉತ್ತರವನ್ನು ನಿಜವಾದ ಉತ್ತರದೊಂದಿಗೆ ಹೋಲಿಸಬಹುದು.

TallyPrime ಅನ್ನು ಲೈಸೆನ್ಸ್ ಇಲ್ಲದೆ ಎಜುಕೇಶನಲ್ ಮೋಡ್‌ನಲ್ಲಿ ಪುಕ್ಕಟೆ ಬಳಸಬಹುದು. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಲು ಬರುತ್ತದೆ. ಅಭ್ಯಾಸಕ್ಕೆ ಇದು ಅಡ್ಡಿಯಲ್ಲ: ಎಲ್ಲ ಬಿಲ್ಲನ್ನೂ 1ನೇ ತಾರೀಖಿಗೆ ಹಾಕಿ, ನಿಜವಾದ ತಾರೀಖನ್ನು ಖರೀದಿಯಲ್ಲಾದರೆ ಸಪ್ಲೈಯರ್ ಇನ್‌ವಾಯ್ಸ್ ಡೇಟ್ ಎಂಬ ಜಾಗದಲ್ಲಿ, ಮಾರಾಟದಲ್ಲಾದರೆ ಕೆಳಗಿನ ವಿವರಣೆಯಲ್ಲಿ ಬರೆಯಿರಿ. ಮಾರಾಟಕ್ಕೆ F8, ಖರೀದಿಗೆ F9, ಕೊಟ್ಟ ಹಣಕ್ಕೆ F5, ಬಂದ ಹಣಕ್ಕೆ F6. ಮೊದಲ ದಿನಗಳಿಗೆ ಈ ನಾಲ್ಕು ಕೀ ಸಾಕು.

ಎರಡು ವಾರದಲ್ಲಿ ನೋಡಬೇಕಾದ್ದು ವೇಗವನ್ನಲ್ಲ. ದಿನಕ್ಕೆ ಮೂರು ತಾಸು ಬಿಲ್ಲಿನ ಮುಂದೆ ಕೂಡಲು ನಿಮಗೆ ಆಗುತ್ತದೆಯೇ? ಮೊತ್ತ ಹೊಂದದಿದ್ದಾಗ ಎಲ್ಲಿ ತಪ್ಪಾಯಿತು ಎಂದು ಹುಡುಕುವ ಹಟ ಬರುತ್ತದೆಯೇ, ಇಲ್ಲವೇ “ಹದಿನೇಳು ರೂಪಾಯಿ ತಾನೆ” ಎಂದು ಬಿಡುವ ಮನಸ್ಸಾಗುತ್ತದೆಯೇ? ಎರಡನೆಯದಾದರೆ ನೋಟ್‌ಬುಕ್ಕಿನ ಇನ್ನೊಂದು ಕೆಲಸಕ್ಕೆ ಹೋಗುವುದು ಒಳ್ಳೆಯದು. ಕಳೆದದ್ದು ಎರಡು ವಾರ ಮಾತ್ರ, ಫೀ ಉಳಿಯಿತು. ಬಿ.ಎ., ಬಿ.ಎಸ್‌ಸಿ. ಓದಿದವರಿಗೂ ಈ ಕೆಲಸ ಬರುತ್ತದೆ, ಆದರೆ ಜಮೆ-ಖರ್ಚು, ಡೆಬಿಟ್-ಕ್ರೆಡಿಟ್ ಗಟ್ಟಿಯಾಗಲು ಇನ್ನೆರಡು ವಾರ ಹೆಚ್ಚು ಹಿಡಿಯಿರಿ.

ಇನ್‌ಸ್ಟಿಟ್ಯೂಟ್ ಸೇರಲೇಬೇಕು ಅನಿಸಿದರೆ ಒಂದು ಸುಲಭ ಪರೀಕ್ಷೆ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಬಹುಪಾಲು ಸರಕು ಈಗ 5 ಇಲ್ಲವೇ 18 ಶೇಕಡದಲ್ಲಿವೆ, 12 ಮತ್ತು 28ರ ದರ ಹೆಚ್ಚುಕಡಿಮೆ ಇಲ್ಲವಾಗಿವೆ. ಡೆಮೊ ಕ್ಲಾಸಿನಲ್ಲಿ ಇನ್ನೂ 12 ಶೇಕಡದ ಬಿಲ್ಲೇ ಬೋರ್ಡಿನ ಮೇಲೆ ಇದ್ದರೆ ಅಲ್ಲಿಂದ ಎದ್ದು ಬನ್ನಿ. “ನೂರಕ್ಕೆ ನೂರು ಜಾಬ್ ಗ್ಯಾರಂಟಿ” ಎಂದು ಇಡೀ ಫೀ ಒಮ್ಮೆಲೇ ಕೇಳುವ ಕಡೆಯಂತೂ ಒಳಗೇ ಹೋಗಬೇಡಿ.

ದುಡ್ಡಿನ ಅಡಚಣೆ ಇದ್ದವರು ಯುವನಿಧಿಯನ್ನು ನೋಡಬಹುದು. ಪದವಿ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಅರ್ಜಿ ಸೇವಾ ಸಿಂಧು ಮೂಲಕ. ಕೆಲಸ ಸಿಕ್ಕ ಮೇಲೆ, ಸ್ವಂತ ಉದ್ಯೋಗ ಶುರುವಾದ ಮೇಲೆ ಅದನ್ನು ಪಡೆಯುವಂತಿಲ್ಲ ಎಂಬುದು ನೆನಪಿರಲಿ.

ಹನ್ನೆರಡು ವಾರ ಹೇಗೆ ಹಂಚುವುದು

ಶುರು ಮಾಡುವ ತಿಂಗಳನ್ನು ಯೋಚಿಸಿ ಆರಿಸಿ. ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇರುವ ವ್ಯಾಪಾರಿಗಳು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಪದ್ಧತಿ ಆರಿಸಿಕೊಳ್ಳಬಹುದು. ನಮ್ಮ ಪೇಟೆಯ ಬಹಳಷ್ಟು ಅಂಗಡಿ ಈ ಮಿತಿಯೊಳಗೇ ಬರುತ್ತವೆ. ಅಂಥ ಅಂಗಡಿ ಒಂದನ್ನೇ ನಂಬಿ ಕಲಿಯಹೊರಟರೆ ಮೂರು ತಿಂಗಳಲ್ಲಿ ಪೂರ್ತಿ ರಿಟರ್ನಿನ ಕೆಲಸ ನೋಡಸಿಗುವುದು ಒಂದೇ ಸಲ. ಆದ್ದರಿಂದ ಅಭ್ಯಾಸಕ್ಕೆ ತಿಂಗಳ ರಿಟರ್ನಿನ ಅಂಗಡಿ ಒಂದಾದರೂ ಇರಲಿ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಮುಗಿದ ಮೇಲಿನ ಹದಿನೈದು ದಿನ ನಿಮ್ಮ ಎರಡನೆಯ ಇಲ್ಲವೇ ಮೂರನೆಯ ತಿಂಗಳಲ್ಲಿ ಬರುವಂತೆ ನೋಡಿಕೊಳ್ಳಿ. ಆಡಿಟರ್ ಆಫೀಸುಗಳಿಗೆ ಹೆಚ್ಚು ಕೈ ಬೇಕಾಗುವುದು ಆಗಲೇ.

ಮೊದಲ ನಾಲ್ಕು ವಾರ ಬಿಲ್ ಓದುವುದಕ್ಕೆ, ಎಂಟ್ರಿಗೆ. ಇದರಲ್ಲಿ ಗಡಿನಾಡಿನವರು ಎಡವುವ ಜಾಗ ಒಂದಿದೆ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಇರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ನಡುವಿನ ಹತ್ತು ಪ್ಯಾನ್ ನಂಬರ್. ಮಹಾರಾಷ್ಟ್ರದ ಇಚಲಕರಂಜಿಯಿಂದ ಬನಹಟ್ಟಿಗೆ ಬಂದ ನೂಲಿನ ಬಿಲ್ಲಿನಲ್ಲಿ ಐಜಿಎಸ್‌ಟಿ, ಅಂದರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಸರಕಿನ ತೆರಿಗೆ, ಇರಬೇಕು. ನಮ್ಮ ರಾಜ್ಯದೊಳಗಿನ ಜಮಖಂಡಿಯಿಂದ ಬಂದ ಸರಕಿಗೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಅರ್ಧರ್ಧ. ಇಷ್ಟು ಎಲ್ಲರಿಗೂ ಬೇಗ ಬರುತ್ತದೆ. ತೊಡಕು ಇರುವುದು ಸಾಹುಕಾರರು ಸೊಲ್ಲಾಪುರದಲ್ಲಿ ಉಳಿದ ಲಾಡ್ಜಿನ ಬಿಲ್ಲಿನಲ್ಲಿ. ಅದರ ಮೇಲೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದೇ ಇರುತ್ತದೆ, ಆದರೆ ಅದು ಮಹಾರಾಷ್ಟ್ರದ ತೆರಿಗೆ. ಕರ್ನಾಟಕದ ನೋಂದಣಿಯಲ್ಲಿ ಅದರ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಹೊಸಬರು ಅದನ್ನೂ ಖರೀದಿ ಕ್ರೆಡಿಟ್ಟಿಗೆ ಹಾಕಿಬಿಡುತ್ತಾರೆ.

ಐದರಿಂದ ಎಂಟನೆಯ ವಾರದ ಕೆಲಸ ತಾಳೆ ಹಾಕುವುದು. ಈ ಕೌಶಲಕ್ಕೆ ಬೆಲೆ ಬರುವುದು ಇಲ್ಲಿಂದ, ಆದ್ದರಿಂದ ಇದನ್ನು ಅಂಕಿ ಸಮೇತ ನೋಡೋಣ.

ಒಂದು ಅಂಗಡಿಯ ಒಂದು ತಿಂಗಳು

ನೂಲು ತಂದು ಸೀರೆ ನೇಯಿಸಿ ಮಾರುವ ಬನಹಟ್ಟಿಯ ಒಂದು ಅಂಗಡಿ, ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವಂಥದ್ದು. ಆ ತಿಂಗಳು ಕರ್ನಾಟಕದೊಳಗೆ 3,00,000 ರೂಪಾಯಿಯ ಸೀರೆ ಮಾರಿದೆ. ಶೇಕಡ 5ರಂತೆ ಸಿಜಿಎಸ್‌ಟಿ 7,500, ಎಸ್‌ಜಿಎಸ್‌ಟಿ 7,500. ಸೊಲ್ಲಾಪುರದ ವ್ಯಾಪಾರಿಗೆ 1,00,000ದ ಸರಕು ಕಳಿಸಿದೆ, ಐಜಿಎಸ್‌ಟಿ 5,000. ಒಟ್ಟು ಕಟ್ಟಬೇಕಾದ ತೆರಿಗೆ 20,000.

ಖರೀದಿ ಎರಡು. ಇಚಲಕರಂಜಿಯಿಂದ 2,00,000ದ ನೂಲು, ಐಜಿಎಸ್‌ಟಿ 10,000. ಬಾಗಲಕೋಟೆಯಿಂದ 20,000ದ ಪ್ಯಾಕಿಂಗ್ ಸಾಮಾನು, ಶೇಕಡ 18ರಂತೆ ಸಿಜಿಎಸ್‌ಟಿ 1,800, ಎಸ್‌ಜಿಎಸ್‌ಟಿ 1,800. ಒಟ್ಟು ಕ್ರೆಡಿಟ್ 13,600.

ಐಜಿಎಸ್‌ಟಿ ಕ್ರೆಡಿಟ್ಟನ್ನು ಮೊದಲು ಐಜಿಎಸ್‌ಟಿಗೇ ವಜಾ ಮಾಡಬೇಕು. 10,000ದಲ್ಲಿ 5,000 ಅಲ್ಲಿ ಹೋಗುತ್ತದೆ. ಉಳಿದ 5,000ವನ್ನು ಉಳಿದೆರಡರ ಮೇಲೆ ಹಾಕಬಹುದು, ಎರಡಕ್ಕೂ 2,500 ಎಂದು ಹಂಚೋಣ. ಸಿಜಿಎಸ್‌ಟಿ 7,500ರಲ್ಲಿ 1,800 ಮತ್ತು 2,500 ಕಳೆದರೆ 3,200 ಉಳಿಯಿತು, ಎಸ್‌ಜಿಎಸ್‌ಟಿ ಕೂಡ 3,200. ಕೈಯಿಂದ ಕಟ್ಟಬೇಕಾದ್ದು 6,400. ಸಿಜಿಎಸ್‌ಟಿ ಕ್ರೆಡಿಟ್ಟನ್ನು ಎಸ್‌ಜಿಎಸ್‌ಟಿಗೆ, ಎಸ್‌ಜಿಎಸ್‌ಟಿಯದನ್ನು ಸಿಜಿಎಸ್‌ಟಿಗೆ ಬಳಸಲು ಬರುವುದಿಲ್ಲ. ಎಕ್ಸೆಲ್‌ನಲ್ಲಿ ಒಟ್ಟು ಮೊತ್ತದಲ್ಲಿ ಒಟ್ಟು ಕ್ರೆಡಿಟ್ ಕಳೆದು ಮುಗಿಸುವವರು ಇದನ್ನು ಮರೆಯುತ್ತಾರೆ. ಈ ತಿಂಗಳು ಉತ್ತರ ಸರಿ ಬಂದರೂ ಇನ್ನೊಂದು ತಿಂಗಳು ತಪ್ಪುತ್ತದೆ.

ಈಗ ನಿಜವಾದ ತೊಂದರೆ. ಬಿಲ್ ಕೈಯಲ್ಲಿದೆ, ನೂಲಿನ ದುಡ್ಡೂ ಕೊಟ್ಟಾಗಿದೆ. ಆದರೆ ಇಚಲಕರಂಜಿಯವರು ಆ ಬಿಲ್ಲನ್ನು ತಮ್ಮ ಮಾರಾಟದ ರಿಟರ್ನ್ ಆದ GSTR-1ರಲ್ಲಿ ತೋರಿಸಿಲ್ಲ. ಕ್ರೆಡಿಟ್ ಸಿಗಬೇಕಾದರೆ ಬಿಲ್ಲು ನಮ್ಮ ಅಂಗಡಿಯ ಕ್ರೆಡಿಟ್ ಪಟ್ಟಿಯಾದ GSTR-2Bಯಲ್ಲಿ ಕಾಣಬೇಕು, ಅದು ಪ್ರತಿ ತಿಂಗಳ 14ಕ್ಕೆ ತಯಾರಾಗುತ್ತದೆ. ಅಲ್ಲಿ 10,000 ಕಾಣದಿದ್ದರೆ ಸಾಹುಕಾರರು ಕಟ್ಟಬೇಕಾದ್ದು 6,400ರ ಬದಲು 16,400. 20ನೇ ತಾರೀಖಿಗೆ ತೆರಿಗೆ ಕಟ್ಟುವ ರಿಟರ್ನ್ ಆದ GSTR-3B ಸಲ್ಲಿಸುವಾಗ ಈ ಸುದ್ದಿ ಹೇಳಿದರೆ “ಇಷ್ಟ ದಿವಸಾ ಏನ್ ಮಾಡಾಕತ್ತಿದ್ರಿ?” ಎಂಬ ಮಾತು ಕೇಳಬೇಕಾಗುತ್ತದೆ. ಅವರು ಹೇಳುವುದರಲ್ಲಿ ತಪ್ಪೂ ಇಲ್ಲ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ತಿಂಗಳ 5ರೊಳಗೆ ಹಿಂದಿನ ತಿಂಗಳ ಬಿಲ್ಲೆಲ್ಲ ಸಂಗ್ರಹಿಸಿ. 7ರ ಹೊತ್ತಿಗೆ ಎಂಟ್ರಿ ಮುಗಿಯಲಿ. 8ಕ್ಕೆ ದೊಡ್ಡ ಮೊತ್ತದ ಖರೀದಿ ಬಿಲ್ಲುಗಳ ಪಟ್ಟಿ ಮಾಡಿ ಆ ವ್ಯಾಪಾರಿಗಳಿಗೆ ಫೋನ್ ಹಚ್ಚಿ: “ನಮ್ಮ ಇಷ್ಟನೇ ನಂಬರ್ ಬಿಲ್ ರಿಟರ್ನಿನ್ಯಾಗ ಹಾಕೀರೇನ್ರಿ?” ಅವರು ತಿಂಗಳ ರಿಟರ್ನಿನವರಾದರೆ 11ರವರೆಗೆ ಸಮಯ ಇದೆ. ಮೂರು ತಿಂಗಳಿನವರಾದರೆ ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್ಲನ್ನು ಪೋರ್ಟಲ್‌ನ IFF ಎಂಬ ಸೌಲಭ್ಯದ ಮೂಲಕ 13ರೊಳಗೆ ಹಾಕಬಹುದು. ಹಾಕದಿದ್ದರೆ ನಿಮ್ಮ ಕ್ರೆಡಿಟ್ ತ್ರೈಮಾಸಿಕ ಮುಗಿಯುವವರೆಗೂ ತಡೆದುಕೊಳ್ಳುತ್ತದೆ. ಅವರು ಹಿಂದಿನ ತಿಂಗಳುಗಳಲ್ಲಿ ರಿಟರ್ನ್ ಸಲ್ಲಿಸಿದ್ದಾರೋ ಇಲ್ಲವೋ ಎಂದು services.gst.gov.in ತಾಣದ Search Taxpayer ಭಾಗದಲ್ಲಿ ಅವರ ನಂಬರ್ ಹಾಕಿ, Show Filing Table ಒತ್ತಿದರೆ ಲಾಗಿನ್ ಇಲ್ಲದೆಯೇ ಗೊತ್ತಾಗುತ್ತದೆ. ಸತತ ತಡಮಾಡುವವರು ಯಾರು ಎಂದು ಸಾಹುಕಾರರಿಗೆ ತೋರಿಸಿ. ಖರೀದಿ ಯಾರಿಂದ ಮಾಡಬೇಕೆಂದು ಅವರು ನಿರ್ಧರಿಸುತ್ತಾರೆ. ನಿಮ್ಮ ಫೀ ಹೊರೆ ಅನಿಸದಂತೆ ಮಾಡುವುದು ಈ ಒಂದು ಫೋನು.

14ಕ್ಕೆ GSTR-2B ಬಂದ ಮೇಲೆ ಅದರ ಎಕ್ಸೆಲ್ ಇಳಿಸಿಕೊಂಡು, ಟ್ಯಾಲಿಯ ಖರೀದಿ ಪಟ್ಟಿಯೊಂದಿಗೆ ಬಿಲ್ಲಿನಿಂದ ಬಿಲ್ಲಿಗೆ ಹೋಲಿಸಿ. ವ್ಯತ್ಯಾಸ ಬರುವ ಜಾಗಗಳು ಹೆಚ್ಚಾಗಿ ಅವೇ ಇರುತ್ತವೆ. ಬಿಲ್ ನಂಬರಿನಲ್ಲಿ ಗೆರೆಯೋ ಸೊನ್ನೆಯೋ ತಪ್ಪಿರುತ್ತದೆ. ವ್ಯಾಪಾರಿ ಬೇರೆಯವರ ಜಿಎಸ್‌ಟಿ ನಂಬರಿಗೆ ನಮ್ಮ ಬಿಲ್ ಹಾಕಿರುತ್ತಾರೆ. ಮರಳಿಸಿದ ಸರಕಿನ ಕ್ರೆಡಿಟ್ ನೋಟ್ ಅವರ ಕಡೆ ಇದ್ದು ನಮ್ಮ ಕಡೆ ಇರುವುದಿಲ್ಲ. ಮೂರನೆಯದು ಗಂಭೀರ: ಅದನ್ನು ಬಿಟ್ಟರೆ ಕ್ರೆಡಿಟ್ ಹೆಚ್ಚಾಗಿ ತೆಗೆದುಕೊಂಡಂತಾಗುತ್ತದೆ, ನೋಟಿಸ್ ಬರುವುದು ವರ್ಷ ಕಳೆದ ಮೇಲೆ.

ಮಾರಾಟದ ಕಡೆ ತಪ್ಪಿದರೆ ತಿದ್ದುವ ದಾರಿ ಈಗ ಕಿರಿದಾಗಿದೆ. 2025ರ ಜುಲೈ ತಿಂಗಳ ರಿಟರ್ನಿನಿಂದ ಹಿಡಿದು, GSTR-1ರಲ್ಲಿ ಹಾಕಿದ ಮಾರಾಟದ ತೆರಿಗೆ GSTR-3Bಗೆ ತಾನಾಗಿ ಬಂದು ಕೂಡುತ್ತದೆ, ಅಲ್ಲಿ ಅದನ್ನು ಬದಲಿಸಲಾಗದು. 3B ಸಲ್ಲಿಸುವ ಮೊದಲು GSTR-1A ಎಂಬ ತಿದ್ದುಪಡಿ ನಮೂನೆಯ ಮೂಲಕ ಮಾತ್ರ ಸರಿಪಡಿಸಬಹುದು. ಹಾಗಾಗಿ 11ಕ್ಕೆ ಮೊದಲು ಹಿರಿಯರ ಕಣ್ಣಿಗೆ ಹಾಕದೆ ಮಾರಾಟದ ಪಟ್ಟಿ ಮುಂದೆ ಹೋಗಬಾರದು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ವ್ಯವಹಾರವೇ ಇಲ್ಲದ ಶೂನ್ಯ ರಿಟರ್ನಿಗೆ ದಿನಕ್ಕೆ 20, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇಕಡ 18 ಬಡ್ಡಿ.

ಆರನೆಯ ವಾರದ ತಪಾಸಣೆ

ಅರ್ಧ ದಾರಿಯಲ್ಲಿ ಒಮ್ಮೆ ನಿಂತು ನೋಡಬೇಕು. ಆರನೆಯ ವಾರದ ಕೊನೆಗೆ, ನೂರು ಬಿಲ್ಲಿನ ಒಂದು ಹಳೆಯ ತಿಂಗಳನ್ನು ಯಾರ ಸಹಾಯವೂ ಇಲ್ಲದೆ ಮಾಡಿ, ಸಲ್ಲಿಸಿದ GSTR-3Bಯ ಪ್ರತಿಯೊಂದಿಗೆ ಹೋಲಿಸಿ. ರೂಪಾಯಿಗೆ ರೂಪಾಯಿ ಹೊಂದಿದರೆ, ಇಲ್ಲವೇ ಹೊಂದದ್ದು ಯಾಕೆ ಎಂದು ನೀವೇ ಬೆರಳಿಟ್ಟು ತೋರಿಸುವಂತಿದ್ದರೆ ಮುಂದೆ ಹೋಗಿ. ವ್ಯತ್ಯಾಸ ಎಲ್ಲಿದೆ ಎಂದೇ ಗೊತ್ತಾಗದಿದ್ದರೆ ಇನ್ನೆರಡು ತಿಂಗಳ ಬಿಲ್ ತಂದು ಅದೇ ಅಭ್ಯಾಸ ಮಾಡಿ. ಈ ಹಂತದಲ್ಲಿ ಇನ್‌ಕಮ್ ಟ್ಯಾಕ್ಸ್, ಪಿಎಫ್, ಪೇರೋಲ್ ಎಂದು ಹೊಸದನ್ನು ಶುರು ಮಾಡುವುದೇ ಹೆಚ್ಚು ಜನ ಮಾಡುವ ತಪ್ಪು. ಕಲಿತಂತೆ ಅನಿಸುತ್ತದೆ, ಮಾರುವಂಥದ್ದು ಒಂದೂ ಕೈಯಲ್ಲಿ ಇರುವುದಿಲ್ಲ.

ಮೊದಲ ದುಡ್ಡು ಎಲ್ಲಿಂದ

ಒಂಬತ್ತನೆಯ ವಾರದಿಂದ ಎರಡು ಬಾಗಿಲು ತಟ್ಟಿ. ಒಂದು ಆಡಿಟರ್ ಆಫೀಸು. ನಮ್ಮ ಕಡೆ ಸಿಎ ಇರಲಿ, ಟ್ಯಾಕ್ಸ್ ಪ್ರಾಕ್ಟೀಷನರ್ ಇರಲಿ, ಜನ ಕರೆಯುವುದು ಆಡಿಟರ್ ಎಂದೇ. ತಿಂಗಳ 1ರಿಂದ 20ರವರೆಗೆ ಮಾತ್ರ ಬರುತ್ತೇನೆ, ಬಿಲ್ ಎಂಟ್ರಿ ಮತ್ತು 2B ತಾಳೆ ಮಾಡಿಕೊಡುತ್ತೇನೆ ಎಂದು ಹೇಳಿ. ಪೂರ್ತಿ ತಿಂಗಳ ಸಂಬಳ ಕೊಡಲು ಹಿಂದೆಮುಂದೆ ನೋಡುವವರು ಇಷ್ಟಕ್ಕೆ ಒಪ್ಪುವುದು ಸುಲಭ. ನೀವು ಮಾಡಿದ ಅಭ್ಯಾಸದ ಒಂದು ತಿಂಗಳ ತಾಳೆ ಪಟ್ಟಿಯನ್ನು, ಅಂಗಡಿಯ ಹೆಸರು ತೆಗೆದು, ಮುದ್ರಿಸಿ ಒಯ್ಯಿರಿ. ಸರ್ಟಿಫಿಕೇಟಿಗಿಂತ ಅವರು ನೋಡುವುದು ಅದನ್ನು. ದುಡ್ಡು ಕಡಿಮೆ ಸಿಗಬಹುದು, ಆದರೆ ತಿದ್ದುವ ಹಿರಿಯರು ಇಲ್ಲಿಯೇ ಸಿಗುತ್ತಾರೆ.

ಇನ್ನೊಂದು ಬಾಗಿಲು ನಿಮ್ಮ ನೋಟ್‌ಬುಕ್ಕಿನಲ್ಲಿ “ಮಂದಿ ಸಿಗವಲ್ರು” ಎಂದಿದ್ದ ಅಂಗಡಿಗಳು. ಅವರ ಆಡಿಟರನ್ನು ಬದಲಿಸುವ ಮಾತು ಎತ್ತಲೇಬೇಡಿ. ಅವರ ಮತ್ತು ಆಡಿಟರ್ ನಡುವೆ ಬಿಲ್ ಹೊಂದಿಸುವ ಕೆಲಸ ನಿಮ್ಮದು ಎಂದು ಹೇಳಿ. ಫೀಯನ್ನು ಬಿಲ್ಲಿನ ಸಂಖ್ಯೆ ನೋಡಿ ಹೇಳಬೇಕು. ಒಂದು ಅಂಗಡಿಗೆ ತಿಂಗಳಲ್ಲಿ ಎಷ್ಟು ತಾಸು ಹಿಡಿಯಿತು ಎಂದು ಅಭ್ಯಾಸದ ದಿನಗಳಿಂದಲೇ ಬರೆದಿಡಿ. ಎಂಟು ತಾಸಿನ ಕೆಲಸಕ್ಕೆ 1,000 ರೂಪಾಯಿ ಎಂದು ಒಪ್ಪಿಕೊಂಡರೆ ತಾಸಿಗೆ 125 ಆಯಿತು. ಅದೇ ಕೆಲಸ ಮೂರನೆಯ ತಿಂಗಳಿಗೆ ನಾಲ್ಕು ತಾಸಿಗೆ ಇಳಿದರೆ 250. ನೋಟ್‌ಬುಕ್ಕಿನ ಊರ ದರಕ್ಕಿಂತ ತೀರ ಕಡಿಮೆ ಹೇಳಿ ಶುರು ಮಾಡಿದರೆ ಆಮೇಲೆ ಏರಿಸುವುದು ಕಷ್ಟ. ಮೊದಲ ತಿಂಗಳು ಪುಕ್ಕಟೆ ಮಾಡಿ, ಎರಡನೆಯ ತಿಂಗಳಿಂದ ಪೂರ್ತಿ ದರ ತೆಗೆದುಕೊಳ್ಳುವುದು ಅದಕ್ಕಿಂತ ವಾಸಿ.

ಇದರಿಂದ ಮೂರನೆಯ ತಿಂಗಳ ಕೊನೆಗೆ ಪೂರ್ತಿ ಸಂಬಳ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಆಡಿಟರ್ ಆಫೀಸಿನ ಇಪ್ಪತ್ತು ದಿನ, ಜೊತೆಗೆ ಎರಡು ಮೂರು ಅಂಗಡಿ ಎಂದರೆ ಒಳ್ಳೆಯ ಆರಂಭ. ಒಂದೇ ವಾರದಲ್ಲಿ ಎಲ್ಲರ ತಾರೀಖೂ ಬರುವುದರಿಂದ ಒಬ್ಬರೇ ಹತ್ತಾರು ಅಂಗಡಿ ಹಿಡಿಯಲು ಆಗುವುದೂ ಇಲ್ಲ. ಮೂರು ತಿಂಗಳ ರಿಟರ್ನಿನ ಅಂಗಡಿಗಳನ್ನು ಸೇರಿಸಿಕೊಂಡರೆ ಅವರ ಎಂಟ್ರಿಯನ್ನು 20ರ ನಂತರದ ಖಾಲಿ ದಿನಗಳಿಗೆ ತಳ್ಳಬಹುದು.

ಎರಡು ವಿಷಯದಲ್ಲಿ ಗೆರೆ ಎಳೆದುಕೊಳ್ಳಿ. ರಿಟರ್ನ್ ಸಲ್ಲಿಸುವಾಗ ಓಟಿಪಿ ಮಾಲೀಕರ ಮೊಬೈಲಿಗೆ ಬರುತ್ತದೆ. ನಿಮ್ಮ ಅನುಕೂಲಕ್ಕೆಂದು ನೋಂದಣಿಯಲ್ಲಿ ನಿಮ್ಮ ನಂಬರ್ ಹಾಕಿಸಬೇಡಿ. ಮುಂದೆ ಜಗಳವಾದರೆ, ಅವರಿಗೆ ತಿಳಿಯದೆ ರಿಟರ್ನ್ ಹೋಯಿತು ಎಂಬ ಮಾತು ನಿಮ್ಮ ಮೇಲೆಯೇ ಬರುತ್ತದೆ. ತೆರಿಗೆಯ ಹಣವನ್ನೂ ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ, ಚಲನ್ ಮಾಡಿಕೊಡಿ, ಅವರೇ ಕಟ್ಟಲಿ. ಇನ್ನು ಗಿರಾಕಿಯ ಪರವಾಗಿ ಸ್ವಂತ ಲಾಗಿನ್‌ನಿಂದ ರಿಟರ್ನ್ ಸಲ್ಲಿಸಬೇಕೆಂದರೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳಬೇಕು. ವಾಣಿಜ್ಯ, ಕಾನೂನು, ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಪದವೀಧರರು ಪೋರ್ಟಲ್‌ನಲ್ಲಿ GST PCT-01 ನಮೂನೆಯಲ್ಲಿ ಅರ್ಜಿ ಹಾಕಬಹುದು. ಅದಕ್ಕೆ ಪರೀಕ್ಷೆಯನ್ನೂ ಪಾಸಾಗಬೇಕು. ಅದು ಮೊದಲ ವರ್ಷದ ಅನುಭವ ಕೈಗೆ ಬಂದ ಮೇಲಿನ ಮಾತು, ಅಲ್ಲಿಯವರೆಗೆ ತಯಾರಿಸುವುದು ನಿಮ್ಮದು, ಸಲ್ಲಿಸುವುದು ಆಡಿಟರದು.